ಶಿಕ್ಷಕರ ಬಗ್ಗೆ ನಾಲ್ಕು ಸಾಲು ಬರೆಯುವ ಮುನ್ನ

"ತರಗತಿ ನಿರ್ವಹಣೆ ಉತ್ತಮವಾಗಿದೆ. ಪೋಷಕರೊಂದಿಗೆ ಒಳ್ಳೆಯ ಸಂಪರ್ಕ ಇಟ್ಟುಕೊಂಡಿದ್ದಾರೆ. ಮಕ್ಕಳ ಪ್ರಗತಿ ತೃಪ್ತಿಕರ."

ಶಾಲಾ ವರ್ಷ ಮುಗಿಯುತ್ತಾ ಬಂದಂತೆ ಮುಖ್ಯ ಶಿಕ್ಷಕರ ಮೇಜಿನ ಮೇಲೆ ವಾರ್ಷಿಕ ಮೌಲ್ಯಮಾಪನದ ನಮೂನೆಗಳು ಬಂದು ಕೂರುತ್ತವೆ. ಸರ್ಕಾರಿ ಶಾಲೆಯಾದರೆ ಕಾರ್ಯನಿರ್ವಹಣಾ ವರದಿ, ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿ ಕೊಟ್ಟ ಅಪ್ರೈಸಲ್ ಫಾರಂ. ಹೆಸರು ಬೇರೆ, ಆದರೆ 'ಅಭಿಪ್ರಾಯ' ಎಂಬ ಖಾಲಿ ಜಾಗ ಎರಡರಲ್ಲೂ ಇರುತ್ತದೆ. ಮೇಲಿನಂಥ ಮೂರು ವಾಕ್ಯ ಆ ಜಾಗವನ್ನು ತುಂಬಿಸುತ್ತವೆ. ಇವನ್ನು ಬೀದರ್‌ನ ಗಣಿತ ಶಿಕ್ಷಕರಿಗೂ ಬರೆಯಬಹುದು, ಮಡಿಕೇರಿಯ ಕನ್ನಡ ಶಿಕ್ಷಕಿಗೂ ಬರೆಯಬಹುದು. ಕಳೆದ ವರ್ಷದ ವರದಿಯಿಂದ ಎತ್ತಿ ಈ ವರ್ಷಕ್ಕೆ ಇಟ್ಟರೂ ಯಾರಿಗೂ ತಿಳಿಯುವುದಿಲ್ಲ. ಇಡೀ ವರ್ಷ ದುಡಿದವರಿಗೆ ತಮ್ಮ ಕೆಲಸದಲ್ಲಿ ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬ ಒಂದು ಸುಳಿವೂ ಅದರಲ್ಲಿ ಸಿಗುವುದಿಲ್ಲ.

ಈ ಮೂರು ವಿಷಯಗಳು ಯಾರೋ ಫಾರಂ ತಯಾರಿಸುವಾಗ ಸುಮ್ಮನೆ ಸೇರಿಸಿದವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಸಮಯಕ್ಕೆ ಸರಿಯಾಗಿ ಬರಬೇಕು, ಪಠ್ಯವನ್ನು ಅವಧಿಯೊಳಗೆ ಮುಗಿಸಬೇಕು. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಬೇಕಾದವರಿಗೆ ಹೆಚ್ಚುವರಿ ಬೋಧನೆ ಕೊಡಬೇಕು. ತಂದೆ ತಾಯಿಯರನ್ನು ನಿಯಮಿತವಾಗಿ ಭೇಟಿಯಾಗಿ ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಆಗಿರುವ ಪ್ರಗತಿಯನ್ನು ತಿಳಿಸಬೇಕು. 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅಂದರೆ ಆ ಖಾಲಿ ಜಾಗದಲ್ಲಿ ಏನು ಬರೆಯಬೇಕು ಎಂಬುದರ ಬಹುಪಾಲು ಕಾಯ್ದೆಯಲ್ಲೇ ಇದೆ. ಈ ಕೆಲಸಗಳು ಈ ತರಗತಿಯಲ್ಲಿ ಹೇಗೆ ನಡೆದವು, ಅದಕ್ಕೆ ಏನು ಆಧಾರ ಎಂಬುದನ್ನು ಬರೆಯುವುದಷ್ಟೇ ಉಳಿದ ಕೆಲಸ.

ಆಧಾರ ಎಂದೊಡನೆ ಹೊಸದೊಂದು ರಿಜಿಸ್ಟರ್ ತೆರೆಯಬೇಕೇ ಎಂದು ಹೆದರಬೇಕಿಲ್ಲ, ಬೇಕಾದದ್ದರಲ್ಲಿ ಹೆಚ್ಚಿನದು ಶಾಲೆಯಲ್ಲೇ ಇರುತ್ತದೆ. ಹಾಜರಿ ಪುಸ್ತಕ, ಪೋಷಕರ ಸಭೆಯ ನಡಾವಳಿ, ವರ್ಷದ ಆರಂಭದ ಸೇತುಬಂಧ ಪರೀಕ್ಷೆಯ ದಾಖಲೆ, ಮಕ್ಕಳ ನೋಟ್‌ಬುಕ್ಕುಗಳು. ಇವುಗಳ ಜೊತೆಗೆ ಮುಖ್ಯ ಶಿಕ್ಷಕರು ವರ್ಷದಲ್ಲಿ ಮೂರು ಸಲವಾದರೂ ತರಗತಿಯಲ್ಲಿ ಕೂತು ಮಾಡಿಕೊಂಡ ಟಿಪ್ಪಣಿ ಇದ್ದರೆ ಸಾಕು. ಆ ಟಿಪ್ಪಣಿಯೇ ಇಲ್ಲದಿದ್ದಾಗ ಮಾರ್ಚ್‌ನಲ್ಲಿ ಬರೆಯಲು ಕೂತವರ ನೆನಪಿಗೆ ಬರುವುದು ಫೆಬ್ರವರಿ ಮಾತ್ರ. ವಾರ್ಷಿಕೋತ್ಸವದಲ್ಲಿ ಚೆನ್ನಾಗಿ ಡ್ಯಾನ್ಸ್ ಮಾಡಿಸಿದ ಶಿಕ್ಷಕಿಗೆ ಎಲ್ಲ ಕಾಲಂಗಳಲ್ಲೂ 'ಅತ್ಯುತ್ತಮ' ಬಂದುಬಿಡುತ್ತದೆ. ಹಿಂದಿನ ವಾರ ಸಿಬ್ಬಂದಿ ಸಭೆಯಲ್ಲಿ ಎದುರು ಮಾತಾಡಿದವರಿಗೆ 'ಸಹಕಾರ ಕಡಿಮೆ' ಎಂಬ ಷರಾ ಬೀಳುತ್ತದೆ.

ಒಂದು ತರಗತಿಯನ್ನು ಉದಾಹರಣೆಗೆ ಕಟ್ಟಿಕೊಂಡು ನೋಡೋಣ. ಕಾಫಿ ಸೀಮೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ನಾಲ್ಕನೇ ತರಗತಿ, ಜೂನ್‌ನಲ್ಲಿ 26 ಮಕ್ಕಳು. ಹೆಚ್ಚಿನವರ ಮನೆಯವರು ತೋಟದ ಕೆಲಸಕ್ಕೆ ಹೋಗುವವರು. ಕನ್ನಡ, ಪರಿಸರ ಅಧ್ಯಯನ ಎರಡನ್ನೂ ಒಬ್ಬರೇ ಶಿಕ್ಷಕಿ ತೆಗೆದುಕೊಳ್ಳುತ್ತಾರೆ. ಅವರ ಬಗ್ಗೆ ಮುಖ್ಯ ಶಿಕ್ಷಕರು ಬರೆಯಬೇಕು.

ಮೊದಲು ತರಗತಿ ನಿರ್ವಹಣೆ. ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ಸದ್ದನ್ನು ಅಳೆಯುವುದು. ವರಾಂಡದಲ್ಲಿ ನಡೆದು ಹೋಗುವಾಗ ಸದ್ದಿಲ್ಲದ ಕೋಣೆ ಶಿಸ್ತಿನದು, ಗಲಗಲ ಎನ್ನುವ ಕೋಣೆ ಅಶಿಸ್ತಿನದು ಎಂಬ ತೀರ್ಮಾನ ತಾನಾಗಿ ಮನಸ್ಸಿಗೆ ಬರುತ್ತದೆ. ಒಂದರಿಂದ ಮೂರನೇ ತರಗತಿಯ ನಲಿಕಲಿ ಕೋಣೆಯನ್ನು ಒಮ್ಮೆ ನೆನೆಸಿಕೊಳ್ಳಿ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತು, ತಮ್ಮ ಮೆಟ್ಟಿಲಿನ ಕಾರ್ಡ್ ಹಿಡಿದು, ಒಬ್ಬರಿಗೊಬ್ಬರು ಹೇಳಿಕೊಡುತ್ತಿರುತ್ತಾರೆ. ಅಲ್ಲಿ ಸದ್ದಿರಲೇಬೇಕು. ಇನ್ನೊಂದು ಕಡೆ, ಸೂಜಿ ಬಿದ್ದರೂ ಕೇಳುವಂಥ ಮೌನದ ಹಿಂದೆ ಮೇಜಿನ ಮೇಲೊಂದು ಕೋಲು ಇರಬಹುದು. 'ಕಟ್ಟುನಿಟ್ಟಿನ ಶಿಸ್ತು ಕಾಪಾಡುತ್ತಾರೆ' ಎಂಬ ಒಂದು ಸಾಲು ಎಷ್ಟೋ ಏಟುಗಳನ್ನು ಮುಚ್ಚಿಬಿಡುತ್ತದೆ. ಅಂಥದ್ದನ್ನು ಬರೆಯುವವರು ಆ ಶಿಸ್ತು ಹೇಗೆ ಬಂತು ಎಂಬುದನ್ನೂ ಬರೆಯಬೇಕು. ಹೊಡೆತದ ಸಂಶಯವಿದ್ದರೆ ಅದು ಷರಾದಲ್ಲಿ ಸೂಚ್ಯವಾಗಿ ಹೇಳಿ ಮುಗಿಸುವ ವಿಷಯವಲ್ಲ, ಬೇರೆಯಾಗಿಯೇ ವಿಚಾರಣೆಯಾಗಬೇಕಾದ ವಿಷಯ.

ಹಾಗಾದರೆ ಏನನ್ನು ನೋಡಬೇಕು? ನಾನು ಎರಡನ್ನು ಹೇಳುತ್ತೇನೆ, ಏಕೆಂದರೆ ಎರಡನ್ನೂ ಎಣಿಸಬಹುದು. ಒಂದು, ಪೀರಿಯಡ್‌ನ ಗಂಟೆ ಬಾರಿಸಿದ ಮೇಲೆ ಕಲಿಕೆ ಶುರುವಾಗಲು ಹಿಡಿಯುವ ಸಮಯ. ಇನ್ನೊಂದು, ಪ್ರಶ್ನೆಗಳು ಯಾರ ಪಾಲಿಗೆ ಹೋಗುತ್ತವೆ ಎಂಬುದು.

ನಮ್ಮ ಉದಾಹರಣೆಯ ಮುಖ್ಯ ಶಿಕ್ಷಕರು ಜುಲೈನಲ್ಲಿ ಬಿಸಿಯೂಟದ ನಂತರದ ಪೀರಿಯಡ್‌ಗೆ ಹೋಗಿ ಗೋಡೆ ಬದಿಗೆ ಕೂರುತ್ತಾರೆ. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಯಾವ ತರಗತಿಯೂ ಚೆನ್ನಾಗಿಯೇ ಕಾಣುತ್ತದೆ, ಕಷ್ಟದ ಹೊತ್ತು ಊಟದ ನಂತರದ್ದು. ಕೈಯಲ್ಲಿ ಗಡಿಯಾರ, ಒಂದು ಹಾಳೆ. ಹಾಳೆಯ ಮೇಲೆ ಮಕ್ಕಳು ಕೂತಿರುವಂತೆಯೇ 26 ಚೌಕಗಳು. ತಟ್ಟೆ ತೊಳೆದು ಬಂದವರು ಕೂರುವುದು, ನೀರು ಕುಡಿಯಲು ಹೋದವರು ಬರುವುದು, ಬೋರ್ಡ್ ಒರೆಸುವುದು, ನೋಟ್‌ಬುಕ್ ಹಂಚುವುದು ಎಲ್ಲ ಮುಗಿದು ಪಾಠ ಶುರುವಾದಾಗ 9 ನಿಮಿಷ ಕಳೆದಿರುತ್ತದೆ. ಆಮೇಲೆ ಶಿಕ್ಷಕಿ ಒಬ್ಬೊಬ್ಬರ ಹೆಸರು ಹಿಡಿದು ಪ್ರಶ್ನೆ ಕೇಳಿದಾಗಲೆಲ್ಲ ಆ ಮಗುವಿನ ಚೌಕದಲ್ಲಿ ಒಂದು ಗೆರೆ ಬೀಳುತ್ತದೆ. 40 ನಿಮಿಷ ಮುಗಿದಾಗ 30 ಗೆರೆಗಳು. ಅದರಲ್ಲಿ 22 ಗೆರೆ 9 ಮಕ್ಕಳ ಚೌಕದಲ್ಲಿವೆ, 8 ಗೆರೆ ಇನ್ನು 6 ಮಕ್ಕಳದು. 11 ಚೌಕಗಳು ಖಾಲಿ. ಆ 11 ಮಕ್ಕಳು ಗಲಾಟೆ ಮಾಡಲಿಲ್ಲ. ತರಗತಿಯೆಲ್ಲ ಒಟ್ಟಾಗಿ 'ಹೌದು ಮಿಸ್' ಎಂದಾಗ ಅವರೂ ಬಾಯಿ ಆಡಿಸಿದರು. ಬಾಗಿಲಲ್ಲಿ ನಿಂತು ನೋಡಿದವರಿಗೆ ಇದು ತಿಳಿಯುವುದೇ ಇಲ್ಲ.

ಆ ದಿನ ಸಂಜೆಯೇ ಹಾಳೆಯನ್ನು ಶಿಕ್ಷಕಿಯ ಮುಂದಿಡಬೇಕು, ಮಾರ್ಚ್‌ವರೆಗೆ ಜೇಬಿನಲ್ಲಿಟ್ಟುಕೊಂಡರೆ ಅದು ಸಾಕ್ಷಿ ಸಂಗ್ರಹವಾಗುತ್ತದೆಯೇ ಹೊರತು ನೆರವಾಗುವುದಿಲ್ಲ. "ಮೇಡಂ, ಈ ಖಾಲಿ ಚೌಕಗಳನ್ನ ನೋಡಿ, ಯಾರ್‍ಯಾರು ಇವರು?" ಎಂದು ಕೇಳಿದರೆ ಸಾಕು, ಹನ್ನೊಂದು ಹೆಸರುಗಳನ್ನು ಅವರೇ ಹೇಳುತ್ತಾರೆ. ಒಂಬತ್ತು ನಿಮಿಷದ ಲೆಕ್ಕವನ್ನೂ ಜೊತೆಗೇ ಮಾಡಬಹುದು. ದಿನಕ್ಕೆ 5 ನಿಮಿಷ ಉಳಿದರೂ ವರ್ಷದ 200 ಶಾಲಾ ದಿನಗಳಿಗೆ 1000 ನಿಮಿಷ, ಅಂದರೆ 40 ನಿಮಿಷದ 25 ಪೀರಿಯಡ್. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯದೇ ಮಾತು.

ಮುಂದಿನ ಭೇಟಿ ನವೆಂಬರ್‌ನಲ್ಲಿ, ಅದೇ ಹೊತ್ತಿಗೆ. ಮೂರನೆಯದು ಜನವರಿಯಲ್ಲಿ. ವರ್ಷದ ಕೊನೆಗೆ ಬರೆಯುವ ಷರಾ ಆಗ ಹೀಗಿರಬಹುದು:

"ಜುಲೈನಲ್ಲಿ ಊಟದ ನಂತರದ ಪೀರಿಯಡ್‌ನಲ್ಲಿ ಪಾಠ ಶುರುವಾಗಲು 9 ನಿಮಿಷ ಹಿಡಿಯುತ್ತಿತ್ತು. ನೋಟ್‌ಬುಕ್ ಹಂಚುವುದು, ಬೋರ್ಡ್ ಒರೆಸುವುದನ್ನು ಮಕ್ಕಳ ಗುಂಪುಗಳಿಗೆ ಸರದಿಯಂತೆ ವಹಿಸಿದರು. ನವೆಂಬರ್ ಮತ್ತು ಜನವರಿಯ ಭೇಟಿಗಳಲ್ಲಿ 4 ನಿಮಿಷದಲ್ಲಿ ಪಾಠ ಶುರುವಾಯಿತು. ಜುಲೈನಲ್ಲಿ 11 ಮಕ್ಕಳಿಗೆ ಒಂದೂ ಪ್ರಶ್ನೆ ಹೋಗಿರಲಿಲ್ಲ. ಹೆಸರು ಬರೆದ ಚೀಟಿ ಎತ್ತಿ ಕೇಳುವ ರೂಢಿ ಮಾಡಿಕೊಂಡ ಮೇಲೆ ಜನವರಿಯಲ್ಲಿ ಆ ಸಂಖ್ಯೆ 4ಕ್ಕೆ ಇಳಿದಿದೆ. ಉತ್ತರ ಬರುವವರೆಗೆ ಕಾಯುವುದು ಇನ್ನೂ ಸಾಲದು. ಮಗು ತಡವರಿಸಿದ ಕೂಡಲೇ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ."

ಇದರಲ್ಲಿ ಹೊಗಳುವ ಒಂದು ವಿಶೇಷಣವೂ ಇಲ್ಲ. ಆದರೂ ಓದಿದವರಿಗೆ ಶಿಕ್ಷಕಿ ಒಳ್ಳೆಯ ಕೆಲಸ ಮಾಡಿದ್ದಾರೆಂದು ತಿಳಿಯುತ್ತದೆ. ಕೊನೆಯ ಮಾತು ಕೊರತೆಯದೇ, ಆದರೆ 'ತಾಳ್ಮೆ ಕಡಿಮೆ' ಎಂದು ಬರೆದಿಲ್ಲ ಎಂಬುದನ್ನು ಗಮನಿಸಿ. ತಾಳ್ಮೆ ಕಡಿಮೆ ಎಂದರೆ ಅದು ಆಕೆಯ ಸ್ವಭಾವದ ಮೇಲಿನ ತೀರ್ಪು, ಅದನ್ನು ಓದಿ ನೊಂದುಕೊಳ್ಳಬಹುದು ಅಷ್ಟೆ. ಉತ್ತರ ತಾವೇ ಹೇಳಿಬಿಡುತ್ತಾರೆ ಎಂದರೆ ಕಣ್ಣಿಗೆ ಬಿದ್ದ ಒಂದು ರೂಢಿ. ಅದನ್ನು ನಾಳೆಯಿಂದಲೇ ಬದಲಿಸಿಕೊಳ್ಳಬಹುದು.

ಪೋಷಕರ ವಿಷಯಕ್ಕೆ ಬಂದರೆ ಅನ್ಯಾಯವಾಗುವುದು ಇಲ್ಲೇ ಹೆಚ್ಚು. ಸಭೆಗೆ ಎಷ್ಟು ಜನ ಬಂದರು ಎಂದು ಸಹಿ ಎಣಿಸಿ ಶಿಕ್ಷಕರಿಗೆ ಅಂಕ ಕೊಟ್ಟುಬಿಡುತ್ತಾರೆ. ಪಟ್ಟಣದ ಖಾಸಗಿ ಶಾಲೆಯಲ್ಲಿ ಶನಿವಾರ ಸಭೆ ಕರೆದರೆ ಕಾರಿನಲ್ಲಿ ಬರುವ ಪೋಷಕರ ಎಣಿಕೆಗೂ, ದಿನಗೂಲಿ ಬಿಟ್ಟು ಬರಬೇಕಾದ ತಾಯಿಯ ಎಣಿಕೆಗೂ ಒಂದೇ ಅಳತೆಗೋಲು ಹಿಡಿದರೆ ಅಳೆದದ್ದು ಶಿಕ್ಷಕರ ಕೆಲಸವನ್ನಲ್ಲ, ಊರಿನ ಆದಾಯವನ್ನು. ನಮ್ಮ ಕಾಫಿ ಸೀಮೆಯ ಶಾಲೆಯಲ್ಲಿ ಮೊದಲ ಸಭೆಯನ್ನು ವಾರದ ನಡುವೆ ಬೆಳಿಗ್ಗೆ 11ಕ್ಕೆ ಕರೆದಾಗ ಬಂದವರು 9 ಮನೆಯವರು. ಸಹಿ ಪುಸ್ತಕ ಇಷ್ಟೇ ಹೇಳುತ್ತದೆ.

ಸಹಿ ಪುಸ್ತಕ ಹೇಳದ ಸಂಗತಿ ಬೇರೆ ಇದೆ. ಶಿಕ್ಷಕಿ ಆಮೇಲೆ ಸಭೆಯನ್ನು ತೋಟಕ್ಕೆ ರಜೆಯಿರುವ ಸಂತೆಯ ದಿನ ಸಂಜೆಗೆ ಬದಲಿಸಿಕೊಂಡರು. ಉಳಿದವರನ್ನು ಹುಡುಕಿಕೊಂಡು ಕೂಲಿ ಲೈನ್‌ಗೆ ಎರಡು ಸಂಜೆ ಹೋಗಿ ಬಂದರು. ಹೀಗೆ ಡಿಸೆಂಬರ್ ಹೊತ್ತಿಗೆ 21 ಮನೆಯವರೊಂದಿಗೆ ಎದುರು ಕೂತು ಮಾತಾಡಿ ಆಗಿತ್ತು. ಆದ್ದರಿಂದ ಷರಾ ಬರೆಯುವವರು ಸಭೆಗೆ ಬಂದವರ ಬದಲು ಶಿಕ್ಷಕಿ ತಲುಪಿದ ಮನೆಗಳನ್ನು ಎಣಿಸಬೇಕು. ಡೈರಿಯಲ್ಲಿ ಬರೆದು ಕಳಿಸಿದ್ದನ್ನು ತಲುಪಿದ ಲೆಕ್ಕಕ್ಕೆ ಸೇರಿಸುವ ಮುನ್ನ ಆ ಮನೆಯಲ್ಲಿ ಓದು ಬಲ್ಲವರಿದ್ದಾರೆಯೇ ಎಂದು ಕೇಳಬೇಕು. ಮನೆಮಾತು ತುಳುವೋ, ಲಂಬಾಣಿಯೋ, ಉರ್ದುವೋ ಆದರೆ ಮಾತು ಹೇಗೆ ನಡೆಯಿತು, ಮಗುವೇ ದುಭಾಷಿಯಾಯಿತೇ ಎಂಬುದೂ ಮುಖ್ಯ. ತನ್ನ ತಪ್ಪುಗಳನ್ನು ತಾನೇ ತಾಯಿಗೆ ಅನುವಾದಿಸಿ ಹೇಳಬೇಕಾದ ಮಗು ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ತಲುಪಿದ ಮಾತಿನಲ್ಲಿ ಹುರುಳಿತ್ತೇ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಮುಖ್ಯ ಶಿಕ್ಷಕರು ಮೂರು ನಾಲ್ಕು ಮನೆಯವರನ್ನು ಆರಿಸಿಕೊಂಡು, ಸಿಕ್ಕಾಗ ಒಂದೇ ಪ್ರಶ್ನೆ ಕೇಳಬೇಕು: "ಅಮ್ಮಾ, ನಿಮ್ಮ ಮಗಳಿಗೆ ಈಗ ಏನು ಬರುತ್ತೆ, ಏನು ಬರಲ್ಲ ಅಂತ ಮಿಸ್ಸು ಹೇಳಿದ್ದಾರಾ?" ಒಬ್ಬ ತಾಯಿ "ಚೆನ್ನಾಗಿ ಓದ್ತಾಳೆ ಅಂದ್ರು ಸರ್, ಇನ್ನೂ ಗಮನ ಕೊಡಿ ಅಂದ್ರು" ಎಂದರೆ ಅಲ್ಲಿ ಮಾತುಕತೆ ನಡೆದಿದೆ, ಮಾಹಿತಿ ದಾಟಿಲ್ಲ. ಇನ್ನೊಬ್ಬರು "ಒತ್ತಕ್ಷರ ಬಂದ್ರೆ ನಿಂತೋಗ್ತಾಳಂತೆ, ದಿನಾ ಸಂಜೆ ಒಂದು ಪುಟ ಜೋರಾಗಿ ಓದಿಸಿ, ನೀವು ಕೇಳಿಸ್ಕೊಂಡ್ರೆ ಸಾಕು ಅಂದ್ರು" ಎಂದರೆ ಆ ಶಿಕ್ಷಕಿ ತಮ್ಮ ಕೆಲಸ ಮಾಡಿದ್ದಾರೆ. ಓದು ಬಾರದ ತಾಯಿಗೂ ಮಾಡಲು ಒಂದು ಕೆಲಸ ಕೊಟ್ಟಿದ್ದಾರೆ. ಈ ಎರಡು ಉತ್ತರಗಳ ನಡುವಿನ ಅಂತರವೇ ಷರಾದಲ್ಲಿ ಬರಬೇಕಾದದ್ದು.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆಯೂ ಒಂದು ಮಾತು. ದಿನಕ್ಕೆ ಹತ್ತು ಮೆಸೇಜ್ ಹಾಕುವ ಶಿಕ್ಷಕರನ್ನು 'ಪೋಷಕರೊಂದಿಗೆ ನಿರಂತರ ಸಂಪರ್ಕದಲ್ಲಿದ್ದಾರೆ' ಎಂದು ಬರೆಯುವ ರೂಢಿ ಈಗ ಬೆಳೆದಿದೆ. ಆ ಮೆಸೇಜ್‌ಗಳನ್ನು ಒಮ್ಮೆ ತೆರೆದು ನೋಡಬೇಕು. ಹೋಮ್‌ವರ್ಕ್, ರಜೆ, ಸಮವಸ್ತ್ರ ಇಷ್ಟೇ ಇದ್ದರೆ ಅದು ಸೂಚನಾ ಫಲಕ. ಗುಂಪಿನಲ್ಲಿ ಎಲ್ಲರ ಅಂಕಪಟ್ಟಿ ಹಾಕಿದ್ದರೆ, ಹೋಮ್‌ವರ್ಕ್ ಮಾಡದವರ ಹೆಸರು ಹಾಕಿದ್ದರೆ ಅದು ಮಗುವಿನ ಮಾನ ಕಳೆಯುವ ಕೆಲಸ. ಅಂಥದ್ದನ್ನು ಷರಾದಲ್ಲಿ ನೇರವಾಗಿ ಹೇಳಿ ನಿಲ್ಲಿಸಬೇಕು. ಇನ್ನು ಪೋಷಕರೊಬ್ಬರ ದೂರು ಬಂದಿದ್ದರೆ, ಆ ಬಗ್ಗೆ ಶಿಕ್ಷಕರ ಮಾತನ್ನು ಕೇಳದೆ 'ಪೋಷಕರಲ್ಲಿ ಅಸಮಾಧಾನವಿದೆ' ಎಂದು ಬಹುವಚನದಲ್ಲಿ ಬರೆದುಬಿಡುವುದು ತಪ್ಪು. ಒಂದು ದೂರು, ಇಂಥ ತಿಂಗಳು, ಹೀಗೆ ಇತ್ಯರ್ಥವಾಯಿತು ಎಂದು ಬರೆಯಲು ಹೆಚ್ಚು ಜಾಗ ಬೇಕಿಲ್ಲ.

ಮೂರನೆಯದು ಮಕ್ಕಳ ಪ್ರಗತಿ. ಎಲ್ಲರೂ ಅಂಕಿಗಳನ್ನು ಬರೆಯುವ ಕಾಲಂ ಇದೊಂದೇ, ಅಂಕಿಗಳು ಹೆಚ್ಚು ದಾರಿ ತಪ್ಪಿಸುವುದೂ ಇಲ್ಲೇ. 'ತರಗತಿಯ ಫಲಿತಾಂಶ ಶೇ. 100' ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಮಕ್ಕಳು ಜೂನ್‌ನಲ್ಲಿ ಎಲ್ಲಿದ್ದರು ಎಂಬುದು ಅದರಲ್ಲಿಲ್ಲ. ಕೊನೆಯ ಅಂಕವೊಂದನ್ನೇ ನೋಡಿದರೆ ಓದಲು ಬಲ್ಲ ಮಕ್ಕಳು ಸಿಕ್ಕ ಶಿಕ್ಷಕರಿಗೆ ಹೊಗಳಿಕೆ, ಅಕ್ಷರ ಬಾರದ ಮಕ್ಕಳನ್ನು ಎರಡು ಮೆಟ್ಟಿಲು ಹತ್ತಿಸಿದವರಿಗೆ ತೆಗಳಿಕೆ.

ಸೇತುಬಂಧದ ಪೂರ್ವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಕನ್ನಡ ಓದಿಗಾದರೆ 'ಅಸರ್' ಸಮೀಕ್ಷೆಯವರು 2005ರಿಂದ ಬಳಸುತ್ತಿರುವ ಮೆಟ್ಟಿಲುಗಳು ಸರಳವಾಗಿವೆ: ಅಕ್ಷರ ಗುರುತಿಸುವವರು, ಪದ ಓದುವವರು, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ ಓದುವವರು, ಎರಡನೇ ತರಗತಿ ಮಟ್ಟದ ಕಥೆ ಓದುವವರು. ನಮ್ಮ ತರಗತಿಯಲ್ಲಿ ಜೂನ್‌ನಲ್ಲಿದ್ದ 26 ಮಕ್ಕಳಲ್ಲಿ ಇಬ್ಬರು ವರ್ಷದ ನಡುವೆ ಬೇರೆ ಊರಿಗೆ ಹೋದರು. ಕಾಫಿ ಕೊಯ್ಲಿಗೆ ಹೊರಗಿನಿಂದ ಬಂದ ಕುಟುಂಬಗಳ ಮೂವರು ಡಿಸೆಂಬರ್‌ನಲ್ಲಿ ಸೇರಿದರು. ಫೆಬ್ರವರಿಯ 27 ಮಕ್ಕಳನ್ನು ಜೂನ್‌ನ 26 ಮಕ್ಕಳೊಂದಿಗೆ ಹೋಲಿಸಿದರೆ ಬೇರೆ ಬೇರೆ ಮಕ್ಕಳನ್ನು ಹೋಲಿಸಿದಂತೆ. ಎರಡೂ ಸಲ ಇದ್ದ 24 ಮಕ್ಕಳನ್ನಷ್ಟೇ ತೆಗೆದುಕೊಳ್ಳಬೇಕು.

ಆ 24ರಲ್ಲಿ ಜೂನ್‌ನಲ್ಲಿ ಅಕ್ಷರದ ಮಟ್ಟದಲ್ಲಿದ್ದವರು 3, ಪದದ ಮಟ್ಟದಲ್ಲಿ 6, ಪ್ಯಾರಾ 8, ಕಥೆ 7. ಫೆಬ್ರವರಿಯಲ್ಲಿ ಅಕ್ಷರ 1, ಪದ 2, ಪ್ಯಾರಾ 6, ಕಥೆ 15. ಕಥೆ ಓದುವವರು ಎರಡು ಪಟ್ಟಿಗಿಂತ ಹೆಚ್ಚಾಗಿದ್ದಾರೆ, ಇದು ಸಂತೋಷದ ಸಂಗತಿ. ಆದರೆ ಅಲ್ಲಿಗೇ ನಿಲ್ಲಬಾರದು. ಇನ್ನೂ ಅಕ್ಷರದಲ್ಲೇ ಉಳಿದ ಆ ಒಂದು ಮಗು, ಪದದಲ್ಲಿ ಉಳಿದ ಇಬ್ಬರು ಯಾರು ಎಂದು ಹಾಜರಿ ಪುಸ್ತಕವನ್ನು ಪಕ್ಕಕ್ಕಿಟ್ಟು ನೋಡಬೇಕು. ಇಬ್ಬರು ಕೊಯ್ಲಿನ ಕಾಲದಲ್ಲಿ ತಮ್ಮ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವರು ಎಂದು ತಿಳಿಯಬಹುದು. ಮೂರನೆಯ ಮಗು ಪ್ರತಿ ದಿನ ಬಂದಿದೆ. ಬೋಧನೆಯ ಬಗ್ಗೆ ಪ್ರಶ್ನೆ ಏಳುವುದು ಆ ಮೂರನೆಯ ಮಗುವಿನ ವಿಷಯದಲ್ಲಿ. ದೃಷ್ಟಿಯದೋ ಕಿವಿಯದೋ ತೊಂದರೆಯಿದೆಯೇ, ಹೆಚ್ಚುವರಿ ಬೋಧನೆ ಸಿಕ್ಕಿತೇ, ಸಿಕ್ಕಿದ್ದರೆ ಯಾವ ಬಗೆಯದು?

ಈ ಅಂಕಿಗಳನ್ನು ಶಿಕ್ಷಕಿಯೇ ಕೊಟ್ಟಿರುತ್ತಾರಲ್ಲ, ನಂಬುವುದು ಹೇಗೆ ಎಂದು ಕೇಳಬಹುದು. ಐದು ಮಕ್ಕಳನ್ನು ಹಾಜರಿ ಪುಸ್ತಕದಿಂದ ಹೀಗೇ ಆರಿಸಿ, ಮುಖ್ಯ ಶಿಕ್ಷಕರೇ ಓದಿಸಿ ನೋಡಬೇಕು. ಪಠ್ಯಪುಸ್ತಕ ಮಾತ್ರ ಬೇಡ. ಎಷ್ಟೋ ಮಕ್ಕಳು ಪಾಠವನ್ನು ಬಾಯಿಪಾಠ ಮಾಡಿಕೊಂಡು ಬೆರಳನ್ನು ಸಾಲಿನ ಕೆಳಗೆ ಜಾರಿಸುತ್ತಾ ನಿರರ್ಗಳವಾಗಿ ಹೇಳುತ್ತಾರೆ. ಬೆರಳು ಒಂದು ಪದದ ಮೇಲಿರುತ್ತದೆ, ಬಾಯಿ ಮುಂದಿನ ಪದದಲ್ಲಿರುತ್ತದೆ. ಗೊತ್ತಾಗಬೇಕಾದರೆ ಸಾಲಿನ ನಡುವಿನ ಒಂದು ಪದ ಬಿಟ್ಟು ಉಳಿದದ್ದನ್ನು ಚೀಟಿಯಿಂದ ಮುಚ್ಚಿ ಕೇಳಿ, ಇಲ್ಲವೇ ಮಗು ಕಾಣದ ಕಥೆಪುಸ್ತಕ ಕೊಡಿ. ಐವರಲ್ಲಿ ನಾಲ್ವರ ಮಟ್ಟ ದಾಖಲೆಗೆ ತಾಳೆಯಾದರೆ ದಾಖಲೆಯನ್ನು ನಂಬಬಹುದು. ಇಬ್ಬರು ಮೂವರದು ತಾಳೆಯಾಗದಿದ್ದರೆ ಇಡೀ ತರಗತಿಯನ್ನು ಮತ್ತೆ ಓದಿಸಬೇಕು.

ಇಷ್ಟಾದ ಮೇಲೂ, ಮಕ್ಕಳು ಮುಂದೆ ಬಂದದ್ದೆಲ್ಲ ಈ ಶಿಕ್ಷಕಿಯಿಂದಲೇ ಎಂದು ಹೇಳಲಾಗದು. ಅಮೆರಿಕದಲ್ಲಿ ಮಕ್ಕಳ ಪರೀಕ್ಷಾ ಅಂಕಗಳನ್ನು ಲೆಕ್ಕ ಹಾಕಿ ಶಿಕ್ಷಕರಿಗೆ ದರ್ಜೆ ಕೊಡುವ ಪದ್ಧತಿ ಹಲವು ರಾಜ್ಯಗಳಲ್ಲಿ ಜಾರಿಗೆ ಬಂದಾಗ, ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಒಂದು ಎಚ್ಚರಿಕೆಯ ಹೇಳಿಕೆ ಹೊರಡಿಸಿತು. ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14ರಷ್ಟು ಎಂದು ಹೆಚ್ಚಿನ ಅಧ್ಯಯನಗಳು ಕಂಡಿವೆ ಎಂದು ಅದು ಹೇಳಿತು. ಉಳಿದದ್ದು ಮನೆ, ಊರು, ಶಾಲೆಯ ವ್ಯವಸ್ಥೆ ಮುಂತಾದವುಗಳಿಂದ ಬರುವಂಥದ್ದು. ಶಿಕ್ಷಕರು ಮುಖ್ಯರಲ್ಲ ಎಂಬುದು ಅದರ ಅರ್ಥವಲ್ಲ. ಇಪ್ಪತ್ತೈದು ಮಕ್ಕಳ ಒಂದು ತರಗತಿಯ ಅಂಕ ಹಿಡಿದು ಒಬ್ಬ ಶಿಕ್ಷಕರನ್ನು ತೂಗಲು ಹೊರಟರೆ ತಕ್ಕಡಿಯ ಮುಳ್ಳು ನಡುಗುತ್ತಲೇ ಇರುತ್ತದೆ ಎಂಬುದು ಅರ್ಥ. ಅದಕ್ಕೇ ಷರಾದಲ್ಲಿ ಅಂಕಿಗಳ ಜೊತೆಗೆ, ಶಿಕ್ಷಕಿ ಮಾಡಿದ ಯಾವ ಕೆಲಸವನ್ನು ಕಣ್ಣಾರೆ ಕಂಡಿದ್ದೇವೆ ಎಂಬುದೂ ಇರಬೇಕು. ಪದದ ಮಟ್ಟದ ಮಕ್ಕಳನ್ನು ದಿನಾ 20 ನಿಮಿಷ ಬೇರೆ ಕೂರಿಸಿ ಓದಿಸುತ್ತಿದ್ದರು, ಅವರ ನೋಟ್‌ಬುಕ್‌ನಲ್ಲಿ ತಪ್ಪು ತಿದ್ದಿದ ಮೇಲೆ ಮಗು ಮತ್ತೆ ಬರೆದ ಗುರುತಿದೆ, ಹೀಗೆ.

ಎದುರು ಲೆಕ್ಕವನ್ನೂ ಮರೆಯಬಾರದು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳಿಗೆ ಬಿಟ್ಟು ಬೇರಾವ ಬೋಧನೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಅನುಮತಿ ಇರುವ ಆ ಕೆಲಸಗಳಿಗೆ ಹೋದ ದಿನಗಳೂ ತರಗತಿಯ ಪಾಲಿಗೆ ಕಳೆದ ದಿನಗಳೇ. ಶಿಕ್ಷಕಿ ಎಷ್ಟು ದಿನ ಚುನಾವಣಾ ಕೆಲಸದಲ್ಲಿದ್ದರು, ಎಷ್ಟು ವಾರ ಖಾಲಿ ಹುದ್ದೆಯ ಇನ್ನೊಂದು ತರಗತಿಯನ್ನೂ ನೋಡಿಕೊಂಡರು ಎಂಬುದು ಪ್ರಗತಿಯ ಅಂಕಿಗಳ ಪಕ್ಕದಲ್ಲೇ ಬರಬೇಕು.

ಇಷ್ಟು ಬರೆದು ಲಕೋಟೆಗೆ ಹಾಕಿ ಅಂಟಿಸಿಬಿಟ್ಟರೆ? ಆ ಕಾಲ ಮುಗಿದಿದೆ. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ದೇವ್ ದತ್ ಎಂಬ ಕಾರ್ಯಪಾಲಕ ಎಂಜಿನಿಯರ್ ಒಬ್ಬರ 1993-94ರ ಗೌಪ್ಯ ವರದಿಯಲ್ಲಿ 'ಉತ್ತಮ' ಎಂದು ಬರೆಯಲಾಗಿತ್ತು. ಬಡ್ತಿಗೆ ಬೇಕಿದ್ದದ್ದು ಐದು ವರ್ಷವೂ 'ಅತ್ಯುತ್ತಮ'. ಅವರ ಕಿವಿಗೆ ಬೀಳದ ಆ ಒಂದು 'ಉತ್ತಮ' ಅವರ ಬಡ್ತಿಗೆ ಅಡ್ಡ ಬಂತು. ಸುಪ್ರೀಂ ಕೋರ್ಟ್ 2008ರಲ್ಲಿ ಅವರ ಪರವಾಗಿ ತೀರ್ಪು ಕೊಡುತ್ತಾ, ಕೆಟ್ಟ ಷರಾ ಮಾತ್ರವಲ್ಲ, ಸರ್ಕಾರಿ ನೌಕರರ ವರದಿಯ ಪ್ರತಿಯೊಂದು ನಮೂದನ್ನೂ ಅವರಿಗೆ ತಿಳಿಸಬೇಕು, ಅದರ ವಿರುದ್ಧ ಮನವಿ ಸಲ್ಲಿಸಲು ಅವಕಾಶ ಕೊಡಬೇಕು ಎಂದಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿ ಹಿಡಿಯಿತು. ಸುಮ್ಮನೆ ಮರ್ಯಾದೆಗೆಂದು ಬರೆದ 'ಉತ್ತಮ' ಕೂಡ ಒಬ್ಬರ ಬಡ್ತಿಯನ್ನು ತಡೆಯಬಲ್ಲದು ಎಂಬುದಕ್ಕೆ ಈ ಪ್ರಕರಣವೇ ಸಾಕ್ಷಿ. ಖಾಸಗಿ ಶಾಲೆಗಳನ್ನು ಈ ತೀರ್ಪು ನೇರವಾಗಿ ಕಟ್ಟಿಹಾಕದಿರಬಹುದು. ಆದರೆ ಷರಾ ನೋಡಿಯೇ ಸಂಬಳದ ಏರಿಕೆ ನಿರ್ಧರಿಸುವ ಶಾಲೆಗಳಲ್ಲಿ ಅದನ್ನು ಶಿಕ್ಷಕರಿಗೆ ತೋರಿಸದಿರಲು ಯಾವ ನ್ಯಾಯವಾದ ಕಾರಣವೂ ನನಗೆ ಕಾಣುವುದಿಲ್ಲ.

ಸಹಿಗೆ ಮುಂಚೆ ಒಂದು ಅರ್ಧ ಗಂಟೆ ಇಬ್ಬರೂ ಕೂರಬೇಕು. ಶಿಕ್ಷಕಿ ತಮ್ಮ ಬಗ್ಗೆ ತಾವೇ ಬರೆದದ್ದನ್ನು ಮೊದಲು ಓದಬೇಕು. ಮುಖ್ಯ ಶಿಕ್ಷಕರ ಕರಡು ಆಮೇಲೆ. ಕರಡಿನಲ್ಲಿ ಮುಂದಿನ ವರ್ಷಕ್ಕೆ ಒಂದೇ ಗುರಿ ಇರಲಿ, ಹೆಚ್ಚೆಂದರೆ ಎರಡು. ಎಂಟು ಸಲಹೆಗಳ ಪಟ್ಟಿ ಕೊಟ್ಟರೆ ಯಾರೂ ಯಾವುದನ್ನೂ ಹಿಡಿಯುವುದಿಲ್ಲ. ಗುರಿಯ ಪಕ್ಕದಲ್ಲಿ ಶಾಲೆ ಏನು ಕೊಡುತ್ತದೆ ಎಂಬುದನ್ನೂ ಬರೆಯಬೇಕು, ಇಲ್ಲದಿದ್ದರೆ ಅದು ಗುರಿಯಾಗುವ ಬದಲು ಅಪ್ಪಣೆಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮುಖ್ಯ ಶಿಕ್ಷಕರು ಬರೆದದ್ದು ಹೀಗೆ: "ಪ್ರಶ್ನೆ ಕೇಳಿದ ಮೇಲೆ ಮಗುವಿಗೆ ಯೋಚಿಸಲು ಐದು ಸೆಕೆಂಡಾದರೂ ಬಿಡುವುದನ್ನು ರೂಢಿಸಿಕೊಳ್ಳಬೇಕು. ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ತರಗತಿಗೆ ಬಂದು ನೋಡುತ್ತೇನೆ. ಅಕ್ಷರ ಮತ್ತು ಪದದ ಮಟ್ಟದಲ್ಲಿ ಉಳಿದ ಮೂವರಿಗಾಗಿ ಸಮಯ ಸಿಗುವಂತೆ ವಾರದಲ್ಲಿ ಎರಡು ಪೀರಿಯಡ್‌ಗೆ ದೈಹಿಕ ಶಿಕ್ಷಣ ಶಿಕ್ಷಕರು ಉಳಿದ ಮಕ್ಕಳನ್ನು ಆಟಕ್ಕೆ ಕರೆದೊಯ್ಯುತ್ತಾರೆ."

ಶಿಕ್ಷಕಿ ಅದನ್ನು ಓದಿ ಒಂದು ಮಾತು ಹೇಳುತ್ತಾರೆ: "ಸರ್, ಆ ಮೂರು ಮಕ್ಕಳಿಗೂ ಆಟದ ಪೀರಿಯಡ್ ಅಂದ್ರೆ ಜೀವ. ಅದನ್ನೇ ತಪ್ಪಿಸಿ ಓದಿಸಿದ್ರೆ ಓದೇ ಬೇಡ ಅನ್ನಿಸಿಬಿಡುತ್ತೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲಿನ ಇಪ್ಪತ್ತು ನಿಮಿಷ ಕೊಡಿ." ಕರಡಿನ ಕೊನೆಯ ಸಾಲು ಹೊಡೆದುಹೋಗುತ್ತದೆ. ಅದರ ಜಾಗದಲ್ಲಿ ಬೆಳಗಿನ ಇಪ್ಪತ್ತು ನಿಮಿಷ ಬರುತ್ತದೆ. ಆ ಹೊತ್ತಿಗೆ ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಜಾಗದಲ್ಲಿ ಮುಖ್ಯ ಶಿಕ್ಷಕರು ತಮ್ಮ ಹೆಸರನ್ನೇ ಬರೆದು, ಇಬ್ಬರೂ ಸಹಿ ಹಾಕುತ್ತಾರೆ.